ಟೋಲ್ ಹತ್ತಿರ ಬಂದಾಗ ಮ್ಯಾಪ್ ಯಾಕೆ ತಡಬಡಾಯಿಸುತ್ತದೆ?

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ, ನೈಸ್ ರಸ್ತೆ ಬಂದು ಸೇರುವ ಜಾಗವನ್ನೂ ಬಿಟ್ಟು ಮುಂದೆ ಹೋದರೆ ದಾರಿ ಎರಡಾಗುತ್ತದೆ. ಬಲಗಡೆಯದು ಮೇಲೇರುತ್ತದೆ, ಎಡಗಡೆಯದು ಕೆಳಗೇ ಉಳಿಯುತ್ತದೆ. ಮೇಲೇರಿದವರು ದಶಪಥದ ಮುಖ್ಯ ರಸ್ತೆಯ ಪಾಲು, ಮುಂದೆ ಕಣಿಮಿಣಿಕೆಯ ಟೋಲ್ ಅವರನ್ನು ಕಾಯುತ್ತಿರುತ್ತದೆ. ಕೆಳಗುಳಿದವರು ಕುಂಬಳಗೋಡಿನ ಅಂಗಡಿ ಸಾಲು, ಬಸ್ ಸ್ಟಾಪು, ಹಂಪುಗಳ ನಡುವೆ ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತಾರೆ. ಮೈಸೂರಿಗೆ ಹೋಗುವವರಿಗೆ ಮೇಲಿನ ದಾರಿ ಸರಿ. ವಂಡರ್‌ಲಾಗೋ ಬಿಡದಿಯ ತಟ್ಟೆ ಇಡ್ಲಿಗೋ ಹೊರಟವರಿಗೆ ಕೆಳಗಿನದೇ ಸಾಕು. ಆದರೆ ಎರಡರಲ್ಲಿ ಯಾವುದು ಎಂದು ಆರಿಸಿಕೊಳ್ಳಲು ಸಿಗುವುದು ಕೆಲವೇ ಸೆಕೆಂಡು. ಆ ಗಳಿಗೆಯಲ್ಲಿ ಮುಂದಿನ ಕಾರು ಹೋದ ಕಡೆಗೇ ತಾವೂ ಹೋಗುವವರು ಬಹಳ.

ಒಂದು ಕುಟುಂಬ ಭಾನುವಾರ ಬೆಳಿಗ್ಗೆ ಬಿಡದಿಗೆ ಹೊರಟಿದೆ ಎಂದಿಟ್ಟುಕೊಳ್ಳೋಣ. ಸ್ಟಿಯರಿಂಗ್ ಅಪ್ಪನ ಕೈಯಲ್ಲಿ, ಫೋನು ಮಗಳ ಕೈಯಲ್ಲಿ. ಮ್ಯಾಪ್ ಸರ್ವಿಸ್ ರಸ್ತೆಯ ದಾರಿಯನ್ನೇ ತೋರಿಸಿತ್ತು, ಅಪ್ಪ ವಾಹನಗಳ ಓಟದಲ್ಲಿ ಸಿಕ್ಕು ಮೇಲೇರಿಬಿಟ್ಟರು. ಫೋನಿಗೆ ಅದು ಗೊತ್ತೇ ಆಗಲಿಲ್ಲ. ನೀಲಿ ಬಾಣ ಕೆಳಗಿನ ರಸ್ತೆಯ ಮೇಲೇ ತಣ್ಣಗೆ ಜಾರುತ್ತಿದೆ.

"ಮುಂದೆ ಎಡಕ್ಕೆ ಅಂತಿದೆ ಅಪ್ಪ."

"ಎಡಕ್ಕೆ ಎಲ್ಲಮ್ಮಾ? ಬರೀ ಗೋಡೆ ಇದೆ!"

ಫ್ಲೈಓವರ್ ಇಳಿದು ಸ್ವಲ್ಪ ದೂರ ಹೋದ ಮೇಲೆ ಫೋನಿಗೆ ಎಚ್ಚರವಾಗುತ್ತದೆ. ತಲುಪುವ ಹೊತ್ತು ಒಮ್ಮೆಲೇ ಹತ್ತು ನಿಮಿಷ ಮುಂದಕ್ಕೆ ಹಾರುತ್ತದೆ. ಹೊಸ ದಾರಿ ಬರುತ್ತದೆ, ಅದನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು. ಅಷ್ಟರಲ್ಲಿ ಟೋಲ್ ಗೇಟು ಎದುರಿಗೇ ಬಂದು ನಿಂತಿರುತ್ತದೆ. ಸಾಲಿನಲ್ಲಿ ನಿಂತ ಕಾರಿನೊಳಗೆ ಬಾಣ ಒಮ್ಮೆ ಹಿಂದಕ್ಕೆ ತಿರುಗುತ್ತದೆ, ಒಮ್ಮೆ ಅಡ್ಡಕ್ಕೆ. "ಯು ಟರ್ನ್ ತಗೊಳ್ಳಿ ಅಂತಿದೆ" ಎನ್ನುತ್ತಾಳೆ ಮಗಳು. ಹಿಂದಿನಿಂದ ಲಾರಿಯವನು ಹಾರ್ನ್ ಒತ್ತುತ್ತಾನೆ.

ಈ ತಡಬಡಾಯಿಸುವಿಕೆಗೆ ಕಾರಣಗಳಿವೆ. ಅವು ಗೊತ್ತಿದ್ದರೆ ಫೋನಿನ ಮಾತನ್ನು ಎಲ್ಲಿ ನಂಬಬೇಕು, ಎಲ್ಲಿ ಕಿವಿಗೆ ಹಾಕಿಕೊಳ್ಳಬಾರದು ಎಂಬುದು ತಿಳಿಯುತ್ತದೆ.

ಮೊದಲನೆಯದು ಅಳತೆಯ ಸಮಸ್ಯೆ. ತೆರೆದ ಬಯಲಿನಲ್ಲಿ, ಮೇಲೆ ಆಕಾಶ ನಿಚ್ಚಳವಾಗಿ ಕಾಣುವಾಗಲೂ ಸಾಮಾನ್ಯ ಫೋನಿನ ಜಿಪಿಎಸ್ ಹೇಳುವ ಜಾಗಕ್ಕೂ ನಿಜವಾದ ಜಾಗಕ್ಕೂ ಐದು ಮೀಟರಿನಷ್ಟು ವ್ಯತ್ಯಾಸ ಇರಬಹುದು. ಪಕ್ಕದಲ್ಲಿ ಕಾಂಕ್ರೀಟ್ ಗೋಡೆ, ಎತ್ತರದ ಕಟ್ಟಡ, ತಲೆಯ ಮೇಲೆ ಸೇತುವೆ ಇದ್ದರೆ ಉಪಗ್ರಹದ ಸಂಕೇತ ಅವುಗಳಿಗೆ ತಾಗಿ ಪುಟಿದು ಬರುತ್ತದೆ, ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಮುಖ್ಯ ರಸ್ತೆಯ ಎಡ ಪಥಕ್ಕೂ ಸರ್ವಿಸ್ ರಸ್ತೆಗೂ ನಡುವೆ ಇರುವುದು ಎಷ್ಟೋ ಕಡೆ ಒಂದು ತಂತಿ ಬೇಲಿ ಮತ್ತು ಚರಂಡಿ ಮಾತ್ರ. ಐದು ಮೀಟರ್ ತಪ್ಪಿದರೆ ಸಾಕು, ಬೇಲಿಯ ಈಚೆ ಇರುವ ಕಾರು ಆಚೆ ಇದ್ದಂತೆ ಕಾಣುತ್ತದೆ. ಇನ್ನು ಫ್ಲೈಓವರ್ ಮತ್ತು ಅದರಡಿಯ ರಸ್ತೆಯ ವಿಷಯಕ್ಕೆ ಬಂದರೆ, ಭೂಪಟದಲ್ಲಿ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಎತ್ತರವನ್ನು ಅಳೆಯುವುದರಲ್ಲಿ ಜಿಪಿಎಸ್ ಇನ್ನೂ ದುರ್ಬಲ.

ಹಾಗಿದ್ದರೂ ಬಾಣ ಸದಾ ರಸ್ತೆಯ ಗೆರೆಯ ಮೇಲೇ ಕಾಣುವುದು ಹೇಗೆ? ಆ್ಯಪ್ ತನಗೆ ಸಿಕ್ಕ ಚುಕ್ಕೆಯನ್ನು ಇದ್ದ ಹಾಗೆ ತೋರಿಸುವುದಿಲ್ಲ. ಹತ್ತಿರದ ಯಾವುದಾದರೂ ರಸ್ತೆಗೆ ಎಳೆದು ಕೂರಿಸುತ್ತದೆ. ಈ ಕೆಲಸಕ್ಕೆ ಹೆಚ್ಚು ಹೆಸರಾದ ವಿಧಾನವೊಂದನ್ನು ಮೈಕ್ರೋಸಾಫ್ಟ್‌ನ ಪಾಲ್ ನ್ಯೂಸನ್ ಮತ್ತು ಜಾನ್ ಕ್ರಮ್ 2009ರಲ್ಲಿ ಪ್ರಕಟಿಸಿದರು. ಚುಕ್ಕೆಗೆ ಯಾವ ರಸ್ತೆ ಹತ್ತಿರ ಎಂದಷ್ಟೇ ಅದು ನೋಡುವುದಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ವಾಹನ ಇದ್ದ ಜಾಗದಿಂದ ಈ ರಸ್ತೆಗೆ ಬರಲು ದಾರಿ ಇತ್ತೇ ಎಂದೂ ಕೇಳುತ್ತದೆ. ಸರ್ವಿಸ್ ರಸ್ತೆಯಲ್ಲಿ ಹೋಗುತ್ತಿದ್ದ ಕಾರು ಬೇಲಿ ಹಾರಿ ಮುಖ್ಯ ರಸ್ತೆಗೆ ಬರಲಾರದು, ಆದ್ದರಿಂದ ಚುಕ್ಕೆ ಕೊಂಚ ಅತ್ತ ಸರಿದರೂ ಕಾರು ಸರ್ವಿಸ್ ರಸ್ತೆಯಲ್ಲೇ ಇದೆ ಎಂದು ಅದು ತೀರ್ಮಾನಿಸುತ್ತದೆ. ಹೆಚ್ಚಿನ ಹೊತ್ತು ಈ ತರ್ಕ ಸರಿಯಾಗಿಯೇ ನಡೆಯುತ್ತದೆ.

ಎಡವಟ್ಟಾಗುವುದು ಮೊದಲ ಊಹೆಯೇ ತಪ್ಪಿದಾಗ. ರಸ್ತೆ ಕವಲೊಡೆದ ಜಾಗದಲ್ಲಿ ಕಾರು ಎಡಕ್ಕೆ ಉಳಿಯಿತು ಎಂದು ಆ್ಯಪ್ ಒಮ್ಮೆ ನಂಬಿದರೆ, ಆ ನಂಬಿಕೆಯನ್ನು ಸುಲಭಕ್ಕೆ ಬಿಡುವುದಿಲ್ಲ. ವಿರುದ್ಧವಾದ ಪುರಾವೆ ಸಾಕಷ್ಟು ಸೇರಬೇಕು. ಕೆಳಗಿನ ರಸ್ತೆ ಎಡಕ್ಕೆ ತಿರುಗಿದರೂ ಕಾರು ನೇರ ಹೋಯಿತು, ಸರ್ವಿಸ್ ರಸ್ತೆಯಲ್ಲಿ ಸಾಧ್ಯವಿಲ್ಲದ ವೇಗದಲ್ಲಿ ಓಡಿತು, ಎರಡು ಗೆರೆಗಳ ನಡುವಿನ ಅಂತರ ಹೆಚ್ಚಾಯಿತು, ಇಂಥವು. ಬಿಡದಿಯ ಕುಟುಂಬದ ಬಾಣ ಅಷ್ಟು ದೂರ ತಪ್ಪು ರಸ್ತೆಯಲ್ಲಿ ಜಾರಿದ್ದು, ಆಮೇಲೆ ದಿಢೀರನೆ ದಾರಿ ಬದಲಾದದ್ದು ಇದೇ ಕಾರಣಕ್ಕೆ. ಭಾರತದ 40 ನಗರಗಳಲ್ಲಿ ಫ್ಲೈಓವರ್ ಹತ್ತಬೇಕೋ ಬೇಡವೋ ಎಂದು ಮುಂಚೆಯೇ ಹೇಳುವ ಸೌಲಭ್ಯವನ್ನು ಗೂಗಲ್ ಮ್ಯಾಪ್ಸ್ 2024ರ ಜುಲೈನಲ್ಲಿ ಪ್ರಕಟಿಸಿತು. ಒಳ್ಳೆಯ ಸೇರ್ಪಡೆಯೇ. ಆದರೆ ಅದು ಏನು ಮಾಡಬೇಕು ಎಂದು ಹೇಳುತ್ತದೆ, ಚಾಲಕ ಏನು ಮಾಡಿದ ಎಂಬುದನ್ನು ಪತ್ತೆಹಚ್ಚುವ ಕಷ್ಟ ಹಾಗೇ ಉಳಿಯುತ್ತದೆ.

ಟೋಲ್ ಪ್ಲಾಜಾ ಈ ಗೊಂದಲವನ್ನು ಇಮ್ಮಡಿಗೊಳಿಸುತ್ತದೆ. ಮೂರು ಪಥದ ರಸ್ತೆ ಅಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಹಲವು ಗೇಟುಗಳಾಗುತ್ತದೆ. ಒಂದು ಗೇಟಿನ ದಾರಿ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು, ನಡುವೆ ಬೂತ್ ಇರುವ ಕಟ್ಟೆ ಬೇರೆ. ಹತ್ತು ಗೇಟು ಇದ್ದರೆ ಅಗಲ ಐವತ್ತು ಮೀಟರಿನ ಹತ್ತಿರ ಬರುತ್ತದೆ. ಭೂಪಟದಲ್ಲಿ ಇದೆಲ್ಲ ಒಂದೋ ಎರಡೋ ಗೆರೆ. ಎಡತುದಿಯ ಗೇಟಿನಲ್ಲಿ ನಿಂತ ಕಾರು ಮುಖ್ಯ ರಸ್ತೆಯ ಗೆರೆಗಿಂತ ಪಕ್ಕದ ಸರ್ವಿಸ್ ರಸ್ತೆಯ ಗೆರೆಗೆ ಹತ್ತಿರವಾಗಿಬಿಡುತ್ತದೆ. ಮೇಲೆ ತಗಡಿನ ಚಾವಣಿ ಇರುವುದರಿಂದ ಸಂಕೇತವೂ ಕ್ಷೀಣ.

ಅದಕ್ಕಿಂತ ದೊಡ್ಡ ತೊಂದರೆ ಕಾರು ನಿಲ್ಲುವುದು. ವಾಹನ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಜಿಪಿಎಸ್ ಅದರ ಚಲನೆಯಿಂದ ಲೆಕ್ಕ ಹಾಕುತ್ತದೆ. ಚಲನೆ ನಿಂತರೆ ಲೆಕ್ಕವೂ ನಿಲ್ಲುತ್ತದೆ. ಆಗ ಆ್ಯಪ್ ಫೋನಿನ ದಿಕ್ಸೂಚಿಯನ್ನು ನಂಬಿಕೊಳ್ಳಬೇಕು. ಸುತ್ತ ಕಬ್ಬಿಣ ತುಂಬಿದ ಕಾರಿನಲ್ಲಿ, ಅಯಸ್ಕಾಂತದ ಸ್ಟ್ಯಾಂಡಿಗೆ ಅಂಟಿಸಿದ ಫೋನಿನಲ್ಲಿ ಆ ದಿಕ್ಸೂಚಿಯ ಮಾತಿಗೆ ಬೆಲೆ ಕಮ್ಮಿ. ನಿಂತ ಕಾರಿನ ಬಾಣ ಗಿರಕಿ ಹೊಡೆಯುವುದು, "ಯು ಟರ್ನ್" ಎಂಬ ಸೂಚನೆ ಬರುವುದು ಇದರಿಂದಲೇ. ಟೋಲ್ ಸಾಲಿಗೆ ಸೇರಿದಾಗಿನಿಂದ ಗೇಟು ದಾಟಿ ವೇಗ ಹಿಡಿಯುವವರೆಗೆ ಫೋನ್ ಹೇಳುವ ಯಾವ ತಿರುವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕಾಗಿಲ್ಲ. ಮುನ್ನೂರು ನಾನೂರು ಮೀಟರ್ ನೇರ ಓಡಿದರೆ ಬಾಣ ತಾನಾಗಿ ಸರಿಹೋಗುತ್ತದೆ.

ಫೋನಿನ ತಪ್ಪಲ್ಲದ ಗೊಂದಲಗಳೂ ಇವೆ. ಅವುಗಳ ಬೀಜ ಬಿತ್ತಿದವರು ನಾವೇ. ಎಂದೋ ಒಮ್ಮೆ ಟೋಲ್ ಉಳಿಸಲು Avoid tolls ಎಂಬುದನ್ನು ಒತ್ತಿ ಮರೆತಿರುತ್ತೇವೆ. ಆ ಗುರುತು ಮುಂದಿನ ಪ್ರಯಾಣಕ್ಕೂ ಉಳಿದುಬಿಡಬಹುದು. ಆಗ ಆ್ಯಪ್ ಪ್ರತಿ ಟೋಲಿಗೂ ಮುಂಚೆ ಸಿಗುವ ಎಕ್ಸಿಟ್‌ನಲ್ಲಿ ಇಳಿಸಲು ನೋಡುತ್ತದೆ. ಇಳಿಯದೆ ಮುಂದೆ ಹೋದರೆ ಇನ್ನೊಂದು ದಾರಿ ಹುಡುಕುತ್ತದೆ, ಅದೂ ತಪ್ಪಿದರೆ ಹಿಂದಕ್ಕೆ ಕರೆಯುತ್ತದೆ. ಟೋಲ್ ಇಲ್ಲದ ದಾರಿ ಹುಡುಕು ಎಂದು ಹೇಳಿಸಿಕೊಂಡ ಆ್ಯಪ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿರುತ್ತದೆ, ಅಷ್ಟೆ. ಟೋಲ್ ಸಮೀಪದಲ್ಲೇ, ಬೇರೆಲ್ಲೂ ಅಲ್ಲ, ಮತ್ತೆ ಮತ್ತೆ ದಾರಿ ಬದಲಾಗುತ್ತಿದೆ ಎಂದರೆ ಮೊದಲು ನೋಡಬೇಕಾದ್ದು ಈ ಗುರುತನ್ನು.

ಕಾರಿನ ಬದಲು ಬೈಕಿನ ಚಿತ್ರ ಆಯ್ಕೆಯಾಗಿರುವುದು ಇನ್ನೊಂದು. ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರ ವಾಹನದ ಆಯ್ಕೆ ಭಾರತಕ್ಕೆ ಬಂದದ್ದು 2017ರ ಡಿಸೆಂಬರಿನಲ್ಲಿ. ವಾರವಿಡೀ ಸ್ಕೂಟರಿನಲ್ಲಿ ಓಡಾಡಿ ಭಾನುವಾರ ಕಾರು ತೆಗೆಯುವವರು ಅದನ್ನು ಬದಲಿಸಲು ಮರೆಯುವುದು ಸಹಜ. ಬೈಕಿಗೆ ಹಾಕಿಕೊಟ್ಟ ದಾರಿ ಕಾರಿಗೆ ಹೊಂದಬೇಕೆಂದಿಲ್ಲ.

ಮೂರನೆಯದು ಎಲ್ಲಕ್ಕಿಂತ ತಮಾಷೆಯದು, ಸಿಕ್ಕಿಕೊಂಡವರಿಗೆ ಮಾತ್ರ ತಮಾಷೆಯಲ್ಲ. ಹೆದ್ದಾರಿ ಪಕ್ಕದ ಹೋಟೆಲನ್ನು ಹುಡುಕಿ ಹೊರಟಿದ್ದೀರಿ. ಹೋಟೆಲಿಗೆ ಬಾಗಿಲು ಇರುವುದು ಸರ್ವಿಸ್ ರಸ್ತೆಗೆ. ಆದರೆ ಭೂಪಟದಲ್ಲಿ ಅದರ ಗುರುತು ಮುಖ್ಯ ರಸ್ತೆಗೆ ಅಂಟಿಕೊಂಡಿದೆ. ಆ್ಯಪ್ ನಿಮ್ಮನ್ನು ಮುಖ್ಯ ರಸ್ತೆಯಲ್ಲೇ ಕರೆದೊಯ್ದು, ಬೇಲಿಯ ಈಚೆ ನಿಲ್ಲಿಸಿ, ತಲುಪಿದ್ದೀರಿ ಎಂದು ಘೋಷಿಸುತ್ತದೆ. ಕಾಫಿಯ ಘಮ ಮೂಗಿಗೆ ಬಡಿಯುವಷ್ಟು ಹತ್ತಿರ, ಹೋಗಲು ದಾರಿ ಇಲ್ಲ. ಇದನ್ನು ಮನೆಯಲ್ಲೇ ಪತ್ತೆಹಚ್ಚಬಹುದು. ದಾರಿ ಹಾಕಿದ ಮೇಲೆ ಕೊನೆಯ ತುದಿಯನ್ನು ದೊಡ್ಡದು ಮಾಡಿ ನೋಡಬೇಕು. ನೀಲಿ ಗೆರೆ ಮುಖ್ಯ ರಸ್ತೆಯಲ್ಲೇ ಮುಗಿದು, ಅಲ್ಲಿಂದ ಹೋಟೆಲಿನವರೆಗೆ ಚುಕ್ಕಿ ಚುಕ್ಕಿ ಗೆರೆ ಇದ್ದರೆ ಎಚ್ಚರಿಕೆ ಬೇಕು. ಆಗ ಹೋಟೆಲಿನ ಮುಂದಿನ ಸರ್ವಿಸ್ ರಸ್ತೆಯ ಮೇಲೆ ಬೆರಳನ್ನು ಒತ್ತಿ ಹಿಡಿದು ಅಲ್ಲೇ ಒಂದು ಪಿನ್ ಹಾಕಿ, ಆ ಪಿನ್‌ಗೆ ದಾರಿ ಕೇಳಬೇಕು.

ಹೊರಡುವ ಮುಂಚೆ ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ. ಮುಖ್ಯವಾದದ್ದು ಒಂದೇ, ಯಾವ ಜಾಗದಲ್ಲಿ ಇಳಿಯಬೇಕು ಎಂಬುದನ್ನು ಊರಿನ ಹೆಸರಿನಲ್ಲಿ ತಿಳಿದುಕೊಳ್ಳುವುದು. "ಮುನ್ನೂರು ಮೀಟರ್ ಮುಂದೆ ಎಡಕ್ಕೆ" ಎಂಬುದು ರಸ್ತೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಹಸಿರು ಬೋರ್ಡಿನಲ್ಲಿ ಬರೆದಿರುವುದು ಊರಿನ ಹೆಸರು. ದಾರಿಯ ಗೆರೆಯ ಮೇಲೆ ಬೆರಳಾಡಿಸಿ, ಮುಖ್ಯ ರಸ್ತೆಯಿಂದ ಅದು ಎಲ್ಲಿ ಕವಲೊಡೆಯುತ್ತದೆ, ಅದಕ್ಕಿಂತ ಮುಂಚೆ ಸಿಗುವ ಊರು ಯಾವುದು, ಟೋಲ್ ಅದರ ಈಚೆಗೋ ಆಚೆಗೋ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಈ ಕೊನೆಯ ಪ್ರಶ್ನೆಯೇ ದಶಪಥದಲ್ಲಿ ಹೆಚ್ಚು ಜನರನ್ನು ತಪ್ಪಿಸುವುದು. ಬಿಡದಿಗೆ ಹೋಗುವವರಿಗೆ ಟೋಲ್ ಮೊದಲು, ಊರು ಆಮೇಲೆ. ಟೋಲ್ ಕಂಡ ಮೇಲೆ ಸರ್ವಿಸ್ ರಸ್ತೆ ಹುಡುಕಿದರೆ ಸಿಗದು, ಆ ತೀರ್ಮಾನವನ್ನು ಕಿಲೋಮೀಟರ್‌ಗಟ್ಟಲೆ ಹಿಂದೆ, ಫ್ಲೈಓವರಿನ ಬುಡದಲ್ಲೇ ಮಾಡಿರಬೇಕಿತ್ತು. ಅತ್ತ ಗಣಂಗೂರಿನ ಟೋಲ್ ಇರುವುದು ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ. ಬೆಂಗಳೂರಿನಿಂದ ರಂಗನಾಥಸ್ವಾಮಿಯ ದರ್ಶನಕ್ಕೆ ಹೊರಟವರು ಟೋಲ್ ಕಟ್ಟಿ ಮುಂದೆ ಬಂದು, ಬೈಪಾಸ್ ಊರನ್ನು ಬಳಸಿ ಹೋಗುವ ಮುಂಚೆಯೇ ಎಡಕ್ಕೆ ಇಳಿಯಬೇಕು. ಇಲ್ಲಿ ಯಾವ ಗೇಟಿನಲ್ಲಿ ಹೋಗುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬಲತುದಿಯ ಗೇಟಿನಿಂದ ಹೊರಬಿದ್ದವರು ಎಲ್ಲ ಗೇಟುಗಳಿಂದ ಒಟ್ಟಿಗೆ ನುಗ್ಗುವ ವಾಹನಗಳನ್ನು ಅಡ್ಡ ಹಾಯ್ದು ಎಡಕ್ಕೆ ಬರಬೇಕಾಗುತ್ತದೆ. ಮುಂದೆ ಇಳಿಯುವುದಿದೆ ಎಂದಾದರೆ ಎಡಭಾಗದ ಗೇಟನ್ನೇ ಆರಿಸಿಕೊಳ್ಳುವುದು ಲೇಸು. ಎಡತುದಿಯದ್ದು ಸಾಮಾನ್ಯವಾಗಿ ಅಗಲದ, ಭಾರೀ ವಾಹನಗಳಿಗೆ ಬಿಟ್ಟದ್ದು, ಅದರ ಪಕ್ಕದ್ದು ಸರಿ.

ರಾಮನಗರ, ಚನ್ನಪಟ್ಟಣಗಳ ಲೆಕ್ಕವೇ ಬೇರೆ. ಎರಡೂ ಊರನ್ನು ಒಂದೇ ಬೈಪಾಸ್ ಬಳಸಿಕೊಂಡು ಹೋಗುತ್ತದೆ, ಉದ್ದ ಸುಮಾರು 22 ಕಿಲೋಮೀಟರ್. ಜಾನಪದ ಲೋಕ ಇರುವುದು ಇವೆರಡರ ನಡುವೆ, ಹಳೆಯ ರಸ್ತೆಯ ಮೇಲೆ. ಬೈಪಾಸ್ ಶುರುವಾಗುವ ಮುಂಚೆ ಮುಖ್ಯ ರಸ್ತೆ ಬಿಟ್ಟು ಹಳೆಯ ರಸ್ತೆಗೆ ಬಾರದಿದ್ದರೆ ಜಾನಪದ ಲೋಕ ಬೆನ್ನ ಹಿಂದೆ ಉಳಿದುಹೋಗುತ್ತದೆ. ಚನ್ನಪಟ್ಟಣದ ಗೊಂಬೆ ಅಂಗಡಿಗಳ ಕಥೆಯೂ ಇದೇ.

ರಸ್ತೆಗೆ ಇಳಿದ ಮೇಲೆ ವೇಗದ ಲೆಕ್ಕ ಬರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಆ್ಯಪ್ 500 ಮೀಟರ್ ಇರುವಾಗ ಎಚ್ಚರಿಸಿದರೆ ಚಾಲಕನಿಗೆ ಸಿಗುವುದು 18 ಸೆಕೆಂಡು. ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಬಲ ಪಥದಿಂದ ಎರಡು ಪಥ ಎಡಕ್ಕೆ ಸರಿಯಲು ಅದು ಸಾಲದು. ದಾರಿ ಬದಲಾದಾಗ ಹೊಸ ಸೂಚನೆ ಬರಲು ಐದು ಸೆಕೆಂಡು ಹಿಡಿದರೆ ಅಷ್ಟರಲ್ಲಿ 140 ಮೀಟರ್ ಕಳೆದಿರುತ್ತದೆ, ಎಕ್ಸಿಟ್‌ನ ಬಾಯಿ ದಾಟಿಹೋಗಲು ಅಷ್ಟೇ ಸಾಕು. ಅದಕ್ಕೇ ಇಳಿಯುವ ಊರಿನ ಹೆಸರು ಬೋರ್ಡಿನಲ್ಲಿ ಮೊದಲ ಸಲ ಕಂಡಾಗಲೇ ಎಡ ಪಥಕ್ಕೆ ಬಂದು ವೇಗ ಇಳಿಸಿಕೊಂಡಿರಬೇಕು. ಆಮೇಲೆ ಫೋನ್ ಏನಾದರೂ ಹೇಳಿಕೊಳ್ಳಲಿ.

ತಾವು ಯಾವ ರಸ್ತೆಯಲ್ಲಿದ್ದೇವೆ ಎಂಬ ಅನುಮಾನ ಬಂದರೆ ಉತ್ತರ ಗಾಜಿನ ಆಚೆಗಿದೆ. ದಶಪಥದ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ. ಪಕ್ಕದಲ್ಲಿ ಸ್ಕೂಟರ್ ಹೋಗುತ್ತಿದ್ದರೆ, ಎದುರಿಗೆ ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ಸಿಕ್ಕರೆ ಅದು ಬಹುಮಟ್ಟಿಗೆ ಸರ್ವಿಸ್ ರಸ್ತೆಯೇ. ಎಡಗಡೆ ಅಂಗಡಿ, ಮನೆ, ಬಸ್ ಸ್ಟಾಪ್ ಇದ್ದರೂ ಹಾಗೆಯೇ. ಎಡಕ್ಕೆ ಬೇಲಿ, ಬೇಲಿಯ ಆಚೆ ಅಂಗಡಿಗಳು ಕಂಡರೆ ಮುಖ್ಯ ರಸ್ತೆ. ಫೋನಿನಲ್ಲಿ ನೋಡಲೇಬೇಕೆಂದರೆ ಬಾಣವನ್ನು ಬಿಟ್ಟು ತಲುಪುವ ಹೊತ್ತನ್ನು ನೋಡಬೇಕು. ಟ್ರಾಫಿಕ್ ಇಲ್ಲದ ಕಡೆ ಅದು ಇದ್ದಕ್ಕಿದ್ದಂತೆ ಐದು ಹತ್ತು ನಿಮಿಷ ಜಿಗಿದರೆ ಎರಡೇ ಅರ್ಥ: ನಿಜವಾಗಿಯೂ ತಿರುವು ತಪ್ಪಿದೆ, ಇಲ್ಲವೇ ತಪ್ಪಿದೆ ಎಂದು ಆ್ಯಪ್ ಭ್ರಮಿಸಿದೆ. ಅರ್ಧ ನಿಮಿಷದಲ್ಲಿ ಹಳೆಯ ಹೊತ್ತಿಗೇ ಮರಳಿದರೆ ಅದು ಭ್ರಮೆ. ಜಿಗಿದದ್ದು ಹಾಗೇ ನಿಂತರೆ ತಿರುವು ತಪ್ಪಿದ್ದು ನಿಜ.

ಭೂಪಟವೇ ಹಳೆಯದಾಗಿರುವ ಸಾಧ್ಯತೆಯೂ ಇದೆ. ಈ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಎರಡೇ ದಿನದಲ್ಲಿ ಬಿಡದಿ ಕಡೆಯ ಟೋಲ್ ಶುರುವಾಯಿತು, ಗಣಂಗೂರಿನದು ಜುಲೈ 1ರಿಂದ. ಆಮೇಲೂ ಕೆಲಸ ನಡೆದೇ ಇತ್ತು. ಅನುಕೂಲಕ್ಕೆಂದು ಜನ ಬೇಲಿ ಮುರಿದು ಮಾಡಿಕೊಂಡ ಕಿಂಡಿಗಳು ಮುಚ್ಚಿದವು. ಇಂಥ ಕಿಂಡಿಯಲ್ಲಿ ವಾಹನಗಳು ಕೆಲಕಾಲ ಓಡಾಡಿದ್ದರೆ ಅದೊಂದು ದಾರಿ ಎಂದೇ ಭೂಪಟ ನೆನಪಿಟ್ಟುಕೊಂಡಿರಬಹುದು. ಮಳೆಯದ್ದು ಇನ್ನೊಂದು ಕಥೆ. 2022ರ ಆಗಸ್ಟಿನಲ್ಲಿ ರಾಮನಗರದ ಬಳಿ ಈ ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು, ಉದ್ಘಾಟನೆಯಾದ ಒಂದೇ ವಾರದಲ್ಲಿ ಅಂಡರ್‌ಪಾಸ್ ಬಳಿ ಮತ್ತೆ ನೀರು ನಿಂತಿತು. ಜೋರು ಮಳೆಯಲ್ಲಿ ಆ್ಯಪ್ ಅಂಡರ್‌ಪಾಸ್ ಕಡೆಗೆ ತಿರುಗಿಸಿದರೆ, ನೀರು ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ ಎಂಬುದನ್ನು ನೆನಪಿಡಬೇಕು. ಬೋರ್ಡು, ಬ್ಯಾರಿಕೇಡು, ಪೊಲೀಸರ ಕೈ ಒಂದು ಹೇಳಿ, ಫೋನ್ ಇನ್ನೊಂದು ಹೇಳಿದಾಗ ಫೋನಿನ ಮಾತು ಬಿಡುವುದೇ ಸರಿ.

ಎಕ್ಸಿಟ್ ತಪ್ಪಿದರೆ? ಮುಂದಿನದಕ್ಕೆ ಹೋಗುವುದು, ಬೇರೆ ಉಪಾಯವಿಲ್ಲ. ಎಕ್ಸಿಟ್‌ನ ಬಾಯಿಯಲ್ಲಿ ಬ್ರೇಕ್ ಒತ್ತಿ ನಿಲ್ಲುವುದು, ಹಜಾರ್ಡ್ ಲೈಟ್ ಹಾಕಿಕೊಂಡು ರಿವರ್ಸ್ ಬರುವುದು ದಿನನಿತ್ಯದ ನೋಟ. ಹಜಾರ್ಡ್ ಲೈಟಿಗೆ ಹಿಂದಿನ ಬಸ್ಸನ್ನು ತಡೆಯುವ ಶಕ್ತಿ ಇದೆ ಎಂದು ಯಾರು ಹೇಳಿಕೊಟ್ಟರೋ! ಸೆಕೆಂಡಿಗೆ 28 ಮೀಟರ್ ವೇಗದಲ್ಲಿ ಬರುತ್ತಿರುವವನಿಗೆ ಮುಂದಿನ ಕಾರು ನಿಂತಿದೆ ಎಂದು ತಿಳಿಯುವಷ್ಟರಲ್ಲೇ ಅರ್ಧ ದೂರ ಮುಗಿದಿರುತ್ತದೆ. ಎದುರು ದಿಕ್ಕಿನಲ್ಲಿ ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್, 2019ರ ತಿದ್ದುಪಡಿಯ ನಂತರ, ಅಪಾಯಕಾರಿ ಚಾಲನೆಯೊಳಗೇ ಸೇರಿಸಿದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ ಅಥವಾ ಆರು ತಿಂಗಳಿಂದ ಒಂದು ವರ್ಷದ ಜೈಲು, ಇಲ್ಲವೇ ಎರಡೂ.

ತಪ್ಪಿ ಟೋಲ್ ದಾಟಿದ್ದಕ್ಕೆ ತಗಲುವ ಹಣ ಅಂಥ ಅಪಾಯಕ್ಕೆ ಹೋಲಿಸಿದರೆ ಏನೂ ಅಲ್ಲ. ಇಲ್ಲಿ ಗೇಟಿನಲ್ಲಿ ಕಟ್ಟುವುದು ಆ ಭಾಗದ ಪೂರ್ತಿ ಶುಲ್ಕ, ಎರಡು ಕಿಲೋಮೀಟರ್ ಮುಂದೆ ಇಳಿದುಬಿಟ್ಟರೂ ಅಷ್ಟೇ. 24 ಗಂಟೆಯೊಳಗೆ ಹಿಂದಿರುಗಿದರೆ ಹೋಗಿ ಬರುವ ಎರಡಕ್ಕೂ ಸೇರಿ ಒಂದೂವರೆ ಪಟ್ಟು. ಒಂದು ಸಲಕ್ಕೆ 100 ರೂಪಾಯಿ ಎಂದುಕೊಂಡರೆ ತಪ್ಪಿ ಹೋಗಿ ಮರಳಿದ್ದಕ್ಕೆ ಒಟ್ಟು 150. 2025ರ ಆಗಸ್ಟ್ 15ರಂದು ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದ್ದವರಿಗೆ ಇನ್ನೂ ಕಮ್ಮಿ. ಆಗಿನ ದರದಲ್ಲಿ 3,000 ರೂಪಾಯಿಗೆ 200 ಸಲ, ಅಂದರೆ ಒಂದು ಗೇಟು ದಾಟಿದ್ದಕ್ಕೆ 15 ರೂಪಾಯಿ. ಬಿಡದಿಯ ಕುಟುಂಬ ಕಣಿಮಿಣಿಕೆಯಲ್ಲಿ ಮಾಡಬೇಕಿದ್ದದ್ದು ಇಷ್ಟೇ: ಟೋಲ್ ಕಟ್ಟಿ, ಎಡ ಪಥ ಹಿಡಿದು, ಬಿಡದಿ ಎಂದು ಬರೆದ ಬೋರ್ಡ್ ಬರುವವರೆಗೆ ಸಮಾಧಾನವಾಗಿ ಹೋಗಿ ಇಳಿಯುವುದು. ಬಿಡದಿ ಮುಂದೆಯೇ ಇದೆ, ಹಿಂದಕ್ಕೆ ತಿರುಗುವ ಪ್ರಶ್ನೆಯೇ ಇರಲಿಲ್ಲ. "ಯು ಟರ್ನ್" ಎಂದದ್ದು ದಿಕ್ಕು ತಪ್ಪಿದ ಬಾಣ.

ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಹಿಂದಕ್ಕೆ ಬರಬೇಕಾದಾಗಲೂ ಒಂದು ಎಚ್ಚರ ಬೇಕು. ಸರ್ವಿಸ್ ರಸ್ತೆ ಕೆಲವೆಡೆ ಏಕಮುಖ, ಕೆಲವೆಡೆ ಎರಡೂ ದಿಕ್ಕಿನ ವಾಹನಗಳು ಓಡಾಡುತ್ತವೆ. ಏಕಮುಖ ಇರುವಲ್ಲೂ ಎದುರಿನಿಂದ ಬೈಕು ಬಂದೇ ಬರುತ್ತದೆ. ಅಂಡರ್‌ಪಾಸ್‌ನಲ್ಲಿ ಹೆದ್ದಾರಿಯ ಆಚೆ ಬದಿಗೆ ದಾಟಿ, ಅಲ್ಲಿನ ಸರ್ವಿಸ್ ರಸ್ತೆಯಲ್ಲಿ ಹಿಂದಕ್ಕೆ ಬಂದು, ಬೇಕಾದ ಊರಿನ ಅಂಡರ್‌ಪಾಸ್‌ನಲ್ಲಿ ಮತ್ತೆ ಈಚೆಗೆ ದಾಟುವುದು ಹೆಚ್ಚು ಕಡೆ ನಡೆಯುವ ದಾರಿ. ಈ ಹಂತದಲ್ಲಿ ಆ್ಯಪ್ ಮತ್ತೆ ಕೆಲಸಕ್ಕೆ ಬರುತ್ತದೆ. ವೇಗ ಕಡಿಮೆ, ತಿರುವುಗಳು ಸ್ಪಷ್ಟ, ತಪ್ಪಿದರೂ ಪಕ್ಕಕ್ಕೆ ನಿಲ್ಲಿಸಿ ಅಂಗಡಿಯವರನ್ನು ಕೇಳಬಹುದು.

ಮುಖ್ಯ ರಸ್ತೆಯಲ್ಲೇ ಕಾರು ಕೆಟ್ಟು ನಿಂತರೆ, ಅಪಘಾತವಾದರೆ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಎಲ್ಲಿದ್ದೀರಿ ಎಂದು ಅವರು ಕೇಳಿದಾಗ ಫೋನಿನ ಬಾಣ ನೋಡಿ ಊಹಿಸಿ ಹೇಳಬೇಡಿ. ರಸ್ತೆ ಬದಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ, ಬೆಂಗಳೂರಿಗೆ ಹೋಗುವ ಬದಿಯೋ ಮೈಸೂರಿಗೆ ಹೋಗುವ ಬದಿಯೋ, ಮುಖ್ಯ ರಸ್ತೆಯೋ ಸರ್ವಿಸ್ ರಸ್ತೆಯೋ, ಈ ಮೂರನ್ನು ಹೇಳಿ. ಕ್ರೇನ್ ಬರುವುದು ಆ ಸಂಖ್ಯೆಯನ್ನು ಹುಡುಕಿಕೊಂಡು.